ಬೆಂಗಳೂರು, ಬರ್ಲಿನ್, ಸ್ಯಾನ್ ಫ್ರಾನ್ಸಿಸ್ಕೊ: ಒಂದು ಪಿಆರ್ ಮರ್ಜ್ ಆಗೋಕೆ ಒಂದು ವಾರ ಯಾಕೆ?

ಪ್ರಶ್ನೆ: ನಮ್ಮ ಟೀಮ್ ಬೆಂಗಳೂರು, ಬರ್ಲಿನ್, ಸ್ಯಾನ್ ಫ್ರಾನ್ಸಿಸ್ಕೊ ಮೂರು ಕಡೆ ಇದೆ. ಚಿಕ್ಕ ಪಿಆರ್ ಕೂಡ ಮರ್ಜ್ ಆಗೋಕೆ ಒಂದು ವಾರ ಹಿಡಿಯುತ್ತೆ. ದಿನಾ ರಾತ್ರಿ 9:30ಕ್ಕೆ ರಿವ್ಯೂ ಕಾಲ್ ಇಡೋಣ ಅಂತ ಮ್ಯಾನೇಜರ್ ಹೇಳ್ತಿದ್ದಾರೆ. ಬೇರೆ ದಾರಿ ಇದೆಯಾ?

ಇದೆ. ಕಾಲ್ ವಿಷಯ ಕೊನೆಗೆ ನೋಡೋಣ. ಮೊದಲು ಆ ವಾರ ಎಲ್ಲಿ ಖರ್ಚಾಗುತ್ತಿದೆ ಅಂತ ಕಂಡುಹಿಡಿಯಿರಿ. ನಾನು ಕೆಲಸ ಮಾಡುವ ಟೀಮ್ ಕೂಡ ಇದೇ ಮೂರು ಊರುಗಳಲ್ಲಿದೆ. ಇಂಥ ಕಡೆ ರಿವ್ಯೂ ಮಾಡೋಕೆ ಹಿಡಿಯುವ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಪಿಆರ್ ಎಷ್ಟು ಸಲ ಆ ಕಡೆಯಿಂದ ಈ ಕಡೆಗೆ ಓಡಾಡಿತು ಅನ್ನೋದೇ ಲೆಕ್ಕ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅವರು ಬೆಳಗ್ಗೆ 9ಕ್ಕೆ ಲ್ಯಾಪ್‌ಟಾಪ್ ತೆರೆದಾಗ ನಮಗೆ ರಾತ್ರಿ 9:30 ಅಥವಾ 10:30. ಅಂದರೆ ಒಂದು ಪ್ರಶ್ನೆ, ಒಂದು ಉತ್ತರ, ಒಂದು ದಿನ ಹೋಯಿತು. ಪ್ರಶ್ನೆ ಎಷ್ಟೇ ಚಿಕ್ಕದಿರಲಿ, ಬೆಲೆ ಅಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳಿ. ರಿಫಂಡ್ ಫೇಲ್ ಆದರೆ ಮತ್ತೆ ಪ್ರಯತ್ನಿಸುವ ಕೋಡ್. ಬೆಂಗಳೂರಿನವರು ಸೋಮವಾರ ಸಂಜೆ 5ಕ್ಕೆ ಪಿಆರ್ ತೆರೆದರು. ಆ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಕಾಮೆಂಟ್: "ಟೈಮ್‌ಔಟ್ 30 ಸೆಕೆಂಡ್ ಯಾಕೆ?" ಮಂಗಳವಾರ ಬೆಳಗ್ಗೆ ಇವರು ಒಂದು ಸಾಲಿನ ಉತ್ತರ ಬರೆದರು. ಅಲ್ಲಿ ಆಗ ಸೋಮವಾರ ರಾತ್ರಿ, ಯಾರೂ ಇಲ್ಲ. ಮಂಗಳವಾರ ರಾತ್ರಿ ಎರಡನೇ ಕಾಮೆಂಟ್: "ಒಂದೇ ರಿಫಂಡ್ ಎರಡು ಸಲ ಹೋಗದ ಹಾಗೆ ಟೆಸ್ಟ್ ಬೇಕು." ಬುಧವಾರ ಟೆಸ್ಟ್ ಸೇರಿತು. ಬುಧವಾರ ರಾತ್ರಿ ಅಪ್ರೂವ್ ಬಂತು, ಜೊತೆಗೆ "ಈ ಫಂಕ್ಷನ್ ಹೆಸರು ಬದಲಿಸಿದರೆ ಚೆನ್ನ" ಅಂತ ಒಂದು ಸಲಹೆ. ಗುರುವಾರ ಬೆಳಗ್ಗೆ ಹೆಸರು ಬದಲಿಸಿ ಪುಶ್ ಮಾಡಿದರೆ ಅಪ್ರೂವಲ್ಲೇ ಮಾಯ. ಗುರುವಾರ ರಾತ್ರಿ ಮತ್ತೆ ಅಪ್ರೂವ್, ಶುಕ್ರವಾರ ಬೆಳಗ್ಗೆ ಮರ್ಜ್. ಇಡೀ ವಾರದಲ್ಲಿ ರಿವ್ಯೂಗೆ ಅಂತ ಆದ ಕೆಲಸ ಸೇರಿಸಿದರೆ ಒಂದು ಮಧ್ಯಾಹ್ನ ಆಗಬಹುದು, ಅಷ್ಟೇ. ಇದೇ ಪಿಆರ್ ಬುಧವಾರ ತೆರೆದಿದ್ದರೆ ಮುಂದಿನ ಮಂಗಳವಾರ ಮರ್ಜ್ ಆಗುತ್ತಿತ್ತು. ಯಾಕೆಂದರೆ ಅವರ ಶುಕ್ರವಾರದ ಉತ್ತರ ನಮಗೆ ಬರುವಾಗ ಶನಿವಾರ.

ನಿಮ್ಮಲ್ಲೂ ಹೀಗೇ ಆಗುತ್ತಿದೆಯಾ ಅಂತ ಊಹೆ ಮಾಡಬೇಡಿ. ಈಚೆಗೆ ಮರ್ಜ್ ಆದ, ತಡವಾಯಿತು ಅಂತ ಎಲ್ಲರೂ ಬೈದುಕೊಂಡ ಒಂದೆರಡು ಪಿಆರ್ ತೆಗೆದುಕೊಂಡು ಇದನ್ನು ಓಡಿಸಿ:

```
gh pr view 123 --json reviews \
  --jq '.reviews[] | "\(.submittedAt) \(.author.login) \(.state)"'
```

ಸಮಯ ಯುಟಿಸಿಯಲ್ಲಿ ಬರುತ್ತದೆ, ಐದೂವರೆ ಗಂಟೆ ಸೇರಿಸಿಕೊಳ್ಳಿ. ಸಾಲಿನ ಮೇಲಿನ ಕಾಮೆಂಟಿಗೆ ಪಿಆರ್ ಬರೆದವರೇ ಕೊಟ್ಟ ಉತ್ತರವೂ `COMMENTED` ಅಂತ ಇಲ್ಲೇ ಕಾಣುತ್ತದೆ. ಅದು ಒಳ್ಳೆಯದೇ. ಎರಡು ಹೆಸರು ಒಂದಾದ ಮೇಲೊಂದು, ನಡುವೆ ಹನ್ನೆರಡು ಗಂಟೆ ಅಂತರ ಬಿಟ್ಟು ಬರುತ್ತಿದ್ದರೆ ನಿಮ್ಮ ಕಾಯಿಲೆ ಇದೇ. ಹಾಗಲ್ಲದೆ ಮೊದಲ ಸಾಲೇ ಮೂರು ದಿನ ಆದ ಮೇಲೆ ಬಂದಿದ್ದರೆ ಅದು ಬೇರೆ ಕಾಯಿಲೆ. ರಿವ್ಯೂ ಯಾರ ಹೆಗಲ ಮೇಲೂ ಇಲ್ಲ ಅಂತ ಅರ್ಥ.

ಮೊದಲು ಓಡಾಟ ಕಡಿಮೆ ಮಾಡುವುದು ನೋಡೋಣ. ಇದರಲ್ಲಿ ಅರ್ಧ ಕೆಲಸ ಪಿಆರ್ ವಿವರಣೆಯದ್ದು. "ರಿಫಂಡ್ ರಿಟ್ರೈ ಸೇರಿಸಲಾಗಿದೆ" ಅಂತ ಒಂದು ಸಾಲು ಬರೆದು ಬಿಡುವುದು ಪಕ್ಕದ ಡೆಸ್ಕಿನವರಿಗೆ ಸಾಕು. ದೂರದವರಿಗೆ ಹೀಗೆ ಬರೆಯಿರಿ: "ಬ್ಯಾಂಕ್ ಗೇಟ್‌ವೇ 20 ಸೆಕೆಂಡಿನವರೆಗೂ ಉತ್ತರ ಕೊಡದೆ ಇರುವುದು ಲಾಗ್‌ನಲ್ಲಿ ಕಂಡಿದೆ, ಅದಕ್ಕೇ 30 ಇಟ್ಟಿದ್ದೇನೆ. ಕ್ಯೂ ಬಳಸುವ ಯೋಚನೆ ಮಾಡಿ ಬಿಟ್ಟೆ, ಕಾರಣ ಇದು. ಮುಖ್ಯವಾಗಿ `retry.go` ನೋಡಿ, ಉಳಿದ ಫೈಲ್‌ಗಳಲ್ಲಿ ಬರೀ ಹೆಸರು ಬದಲಾವಣೆ." ನೀವೇ ಆ ಪಿಆರ್ ತೆರೆದು, ಎಲ್ಲಿ "ಇದು ಯಾಕೆ?" ಅಂತ ಕೇಳುತ್ತಾರೋ ಆ ಸಾಲಿನ ಮೇಲೆ ನೀವೇ ಮೊದಲು ಕಾಮೆಂಟ್ ಹಾಕಿಬಿಡಿ. ನಮ್ಮ ಕಥೆಯಲ್ಲಿ ಸೋಮವಾರ ರಾತ್ರಿಯ ಪ್ರಶ್ನೆಯೇ ಆಗ ಹುಟ್ಟುತ್ತಿರಲಿಲ್ಲ.

ಉಳಿದ ಅರ್ಧ ರಿವ್ಯೂ ಮಾಡುವವರದ್ದು. ಮೊದಲ ಸಮಸ್ಯೆ ಕಂಡ ತಕ್ಷಣ ಕಾಮೆಂಟ್ ಹಾಕಿ ಎದ್ದು ಹೋಗಬಾರದು. ಇಡೀ ಪಿಆರ್ ಒಂದೇ ಸಲ ಕೊನೆಯವರೆಗೆ ನೋಡಿ, ಎಲ್ಲ ಕಾಮೆಂಟೂ ಒಟ್ಟಿಗೆ ಸಬ್ಮಿಟ್ ಮಾಡಬೇಕು. ಟೆಸ್ಟ್ ಬೇಕು ಅನ್ನುವ ಮಾತು ಸೋಮವಾರವೇ ಬರಬಹುದಿತ್ತು, ಅಲ್ವಾ? ಜೊತೆಗೆ ಯಾವುದು ಆಗಲೇಬೇಕು, ಯಾವುದು ಬರೀ ಸಲಹೆ ಅಂತ ಪ್ರತಿ ಕಾಮೆಂಟಿನ ಮೊದಲಲ್ಲೇ ಹೇಳಲಿ. ಪ್ರಶ್ನೆ ಕೇಳುವಾಗ ಎರಡೂ ಉತ್ತರಕ್ಕೆ ಮುಂದಿನ ದಾರಿ ಬರೆದಿಡಲಿ: "ಇದು ಎರಡು ಥ್ರೆಡ್‌ನಿಂದ ಕರೆಯಲ್ಪಡುತ್ತದಾ? ಹೌದಾದರೆ ಲಾಕ್ ಹಾಕಿ, ಇಲ್ಲವಾದರೆ ಹೀಗೇ ಮರ್ಜ್ ಮಾಡಿ." ಇಂಥ ಒಂದು ವಾಕ್ಯ ಒಂದು ದಿನ ಉಳಿಸುತ್ತದೆ.

ಬರೀ ಸಲಹೆಗಳೇ ಉಳಿದಿದ್ದರೆ ಅವರು ಅಪ್ರೂವ್ ಕೊಟ್ಟೇ ಮಲಗಲಿ. ಗೂಗಲ್ ಸಾರ್ವಜನಿಕವಾಗಿ ಹಾಕಿರುವ ಕೋಡ್ ರಿವ್ಯೂ ಮಾರ್ಗದರ್ಶಿಯೂ ಟೈಮ್ ಝೋನ್ ದೂರ ಇದ್ದಾಗ ಹೀಗೇ ಮಾಡಿ ಅನ್ನುತ್ತದೆ. ಆದರೆ ಅದನ್ನು ಓದಿ ಜಾರಿಗೆ ತಂದ ಟೀಮ್‌ಗಳು ಎಡವುವುದು ಗಿಟ್‌ಹಬ್‌ನ ಒಂದು ಟಿಕ್ ಮಾರ್ಕಿನಲ್ಲಿ. ಬ್ರಾಂಚ್ ರಕ್ಷಣೆಯ ನಿಯಮಗಳಲ್ಲಿ `Dismiss stale pull request approvals when new commits are pushed` ಅಂತ ಒಂದಿದೆ. ಅದು ಆನ್ ಇದ್ದರೆ ಹೆಸರು ಬದಲಿಸಿ ಪುಶ್ ಮಾಡಿದ ಕೂಡಲೇ ಹಳೇ ಅಪ್ರೂವಲ್ ಹೋಗುತ್ತದೆ. ಗುರುವಾರ ಆಗಿದ್ದು ಇದೇ. ರಿವ್ಯೂ ಮಾಡಿದವರು ದೊಡ್ಡ ಮನಸ್ಸು ಮಾಡಿ ಕೊಟ್ಟ ಅಪ್ರೂವ್‌ಗೆ ಬೆಲೆಯೇ ಇಲ್ಲ.

ಅದರ ಬದಲು `Require approval of the most recent reviewable push` ಆನ್ ಮಾಡಿ ನೋಡಿ. ಆಗ ಹಳೇ ಅಪ್ರೂವಲ್ ಉಳಿಯುತ್ತದೆ. ಕೊನೆಯ ಪುಶ್ ಅನ್ನು ಮಾತ್ರ, ಪುಶ್ ಮಾಡಿದವರಲ್ಲದೆ ಬೇರೊಬ್ಬರು ನೋಡಿ ಒಪ್ಪಬೇಕು. ಆ ಬೇರೊಬ್ಬರು ನಿಮ್ಮ ಪಕ್ಕದ ಸೀಟಿನವರೇ ಆಗಬಹುದು, ರೆಪೊಗೆ ರೈಟ್ ಪರ್ಮಿಷನ್ ಇದ್ದರೆ ಆಯಿತು. ಯಾರೂ ನೋಡದ ಕೋಡ್ ಒಳಗೆ ಹೋಗುವುದಿಲ್ಲ, ನೀವೂ ರಾತ್ರಿಯವರೆಗೆ ಕಾಯಬೇಕಿಲ್ಲ. ಆದರೆ ಪಕ್ಕದವರು ಸುಮ್ನೆ ಒತ್ತಿಬಿಟ್ಟರೆ ಇದು ಬರೀ ನಾಟಕ. ಆ ಕೊನೆಯ ಕಮಿಟ್‌ನಲ್ಲಿ ಹೆಸರು ಬದಲಾವಣೆ ಬಿಟ್ಟು ಬೇರೇನಾದರೂ ಇದ್ದರೆ ಅವರು ನಿಲ್ಲಿಸಬೇಕು. ಈ ನಿಯಮ ಇಡೀ ಬ್ರಾಂಚಿಗೆ ಅನ್ವಯ, ಒಂದೊಂದು ಫೋಲ್ಡರಿಗೆ ಬೇರೆ ಬೇರೆ ಇಡೋಕೆ ಆಗಲ್ಲ. ಸೆಕ್ಯೂರಿಟಿಯವರು ಹಳೇ ಟಿಕ್ ತೆಗೆಯೋಕೆ ಒಪ್ಪದಿದ್ದರೆ, ಅಪ್ರೂವ್ ಕೊಡಬಲ್ಲವರು ಹತ್ತಿರದ ಊರಲ್ಲೂ ಒಬ್ಬರು ಇರುವಂತೆ ಮಾಡುವುದೊಂದೇ ದಾರಿ.

ಹತ್ತಿರದ ಊರು ಅಂದರೆ ನಿಮಗೆ ಬರ್ಲಿನ್. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಬೇಸಿಗೆಯಲ್ಲಿ ಅವರು 9ಕ್ಕೆ ಬಂದಾಗ ನಮಗೆ 12:30. ಸಂಜೆ 6:30ರ ತನಕ ಇಬ್ಬರೂ ಎಚ್ಚರ. ಒಂದೇ ದಿನದಲ್ಲಿ ಎರಡು ಮೂರು ಸಲ ಪಿಆರ್ ಓಡಾಡಬಹುದು. ಅದಕ್ಕೇ ಬೆಂಗಳೂರಿನ ಪಿಆರ್‌ಗಳಿಗೆ ಮೊದಲ ಕಣ್ಣು ಬರ್ಲಿನ್‌ನದ್ದಾಗಲಿ. ಗಿಟ್‌ಹಬ್ ತಾನಾಗಿ ಇದನ್ನು ಮಾಡುವುದಿಲ್ಲ. ಅದರ ರಿವ್ಯೂ ಹಂಚಿಕೆಯಲ್ಲಿ ಎರಡು ಬಗೆ ಇದೆ. ಒಂದು ಸರದಿ ನೋಡುತ್ತದೆ, ಇನ್ನೊಂದು ಈಚೆಗೆ ಯಾರಿಗೆ ಎಷ್ಟು ಕೆಲಸ ಬಿದ್ದಿದೆ ಅಂತ ನೋಡುತ್ತದೆ. ಗಡಿಯಾರವನ್ನು ಎರಡೂ ನೋಡುವುದಿಲ್ಲ. ಮೂರೂ ಊರಿನವರು ಒಂದೇ ಟೀಮ್‌ನಲ್ಲಿದ್ದರೆ ನಿಮ್ಮ ಬೆಳಗಿನ ಪಿಆರ್ ನಿದ್ದೆಯಲ್ಲಿರುವವರಿಗೇ ಹೋಗಬಹುದು.

ಹಾಗಾಗಿ ಊರಿಗೊಂದು ಟೀಮ್ ಮಾಡಿ, `.github/CODEOWNERS`ನಲ್ಲಿ ಒಂದೇ ಸಾಲಿಗೆ ಎರಡು ಊರು ಬರೆಯಿರಿ:

```
/refunds/     @org/pay-blr @org/pay-ber
/db/migrate/  @org/db-ber @org/db-sfo
```

ಒಂದೇ ಸಾಲಿನಲ್ಲಿ ಇರುವವರಲ್ಲಿ ಯಾರಾದರೂ ಒಬ್ಬರು ಒಪ್ಪಿದರೆ ಸಾಕು. ಒಂದು ಎಚ್ಚರ: ಒಂದೇ ಫೋಲ್ಡರನ್ನು ಎರಡು ಸಾಲಿನಲ್ಲಿ ಬರೆದರೆ ಎರಡೂ ಸೇರುವುದಿಲ್ಲ, ಕೊನೆಯ ಸಾಲಷ್ಟೇ ಲೆಕ್ಕ. ರಜೆ ಹಾಕುವವರು ತಮ್ಮ ಸ್ಟೇಟಸ್ ಅನ್ನು `Busy` ಮಾಡಿದರೆ ಹಂಚಿಕೆ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ. ದೀಪಾವಳಿ ವಾರದಲ್ಲಿ ಇದನ್ನು ಮರೆತರೆ ಬರ್ಲಿನ್‌ನವರು ನಮಗಾಗಿ ಕಾಯುತ್ತಾ ಕೂರುತ್ತಾರೆ.

ಈಗ ಅದೇ ರಿಫಂಡ್ ಪಿಆರ್ ನೋಡಿ. ಸೋಮವಾರ ಸಂಜೆ 5 ಅಂದರೆ ಬರ್ಲಿನ್‌ನಲ್ಲಿ ಮಧ್ಯಾಹ್ನ 1:30. ವಿವರಣೆಯಲ್ಲಿ ಟೈಮ್‌ಔಟ್ ಕಾರಣ ಇದೆ. ಟೆಸ್ಟ್ ಬೇಕು, ಹೆಸರು ಸರಿಯಿಲ್ಲ ಎನ್ನುವ ಎರಡೂ ಕಾಮೆಂಟ್ ಆ ಸಂಜೆಯೇ ಬಂದವು. ಮಂಗಳವಾರ ಬೆಳಗ್ಗೆ ಎರಡನ್ನೂ ಸರಿಮಾಡಿ ಪುಶ್. ಮಧ್ಯಾಹ್ನ ಬರ್ಲಿನ್ ಅಪ್ರೂವ್, ಮರ್ಜ್.

ಸ್ಯಾನ್ ಫ್ರಾನ್ಸಿಸ್ಕೊದವರೇ ನೋಡಬೇಕಾದ ಪಿಆರ್‌ಗಳು ಹೇಗಿದ್ದರೂ ಉಳಿಯುತ್ತವೆ. ಅವುಗಳನ್ನು ಅರ್ಧ ಬರೆದಾಗಲೇ ಡ್ರಾಫ್ಟ್ ಪಿಆರ್ ಆಗಿ ತೋರಿಸಿ, ದಾರಿ ಸರಿ ಇದೆಯಾ ಅಂತಷ್ಟೇ ಕೇಳಿ. ಎಲ್ಲ ಮುಗಿಸಿದ ಮೇಲೆ "ವಿನ್ಯಾಸವೇ ತಪ್ಪು" ಅಂತ ರಾತ್ರಿ ಬಂದರೆ ಆ ವಾರದ ಕಥೆ ಮುಗಿದಂತೆ. ಕಾಯುವಾಗ ಸುಮ್ಮನೆ ಕೂರದೆ ಅದೇ ಬ್ರಾಂಚಿನ ಮೇಲೆ ಮುಂದಿನ ಬ್ರಾಂಚ್ ತೆಗೆಯಿರಿ. ಮೊದಲನೆಯದು ಸ್ಕ್ವಾಶ್ ಆಗಿ ಮರ್ಜ್ ಆದರೆ ಎರಡನೆಯದರಲ್ಲಿ ಹಳೇ ಕಮಿಟ್‌ಗಳು ಮತ್ತೆ ಕಾಣಿಸಿ ಕಾನ್ಫ್ಲಿಕ್ಟ್ ಕೊಡುತ್ತವೆ. ಆಗ ನಿಮ್ಮ ಕೆಲಸವಷ್ಟೇ ಎತ್ತಿ ಮೇನ್ ಮೇಲೆ ಇಡಿ:

```
git fetch
git rebase --onto origin/main refund-1 refund-2
```

`refund-1` ಲೋಕಲ್ ಬ್ರಾಂಚ್ ಅಳಿಸುವ ಮೊದಲೇ ಇದನ್ನು ಮಾಡಿ. ಆದರೆ ರಿವ್ಯೂ ಶುರುವಾಗಿರುವ ಬ್ರಾಂಚನ್ನು, ಅನಿವಾರ್ಯ ಅಲ್ಲದಿದ್ದರೆ, ರೀಬೇಸ್ ಮಾಡಿ ಫೋರ್ಸ್ ಪುಶ್ ಮಾಡಬೇಡಿ. ಕಳೆದ ಸಲದಿಂದ ಏನು ಬದಲಾಯಿತು ಅಂತ ನೋಡುವ ಅನುಕೂಲ ಅವರಿಗೆ ತಪ್ಪುತ್ತದೆ, ಮತ್ತೆ ಮೊದಲಿಂದ ಓದಬೇಕಾಗುತ್ತದೆ.

ಇನ್ನು ಆ ರಾತ್ರಿ ಕಾಲ್. ದಿನಾ ಬೇಡ. ಕಾಲ್ ಇದ್ದರೆ ಜನ ವಿವರಣೆ ಬರೆಯುವುದನ್ನೇ ಬಿಡುತ್ತಾರೆ, "ರಾತ್ರಿ ಹೇಳ್ತೀನಿ" ಅಂತ ಎಲ್ಲವೂ ಅಲ್ಲಿಗೇ ಮುಂದೂಡುತ್ತಾರೆ. ವಾರಕ್ಕೊಮ್ಮೆ ಇಡಿ, ಡ್ರಾಫ್ಟ್‌ಗಳ ದಾರಿ ಮಾತಾಡೋಕೆ ಮಾತ್ರ. ಕಾಲ್ ಒಪ್ಪುವ ಮುನ್ನ ಮ್ಯಾನೇಜರ್‌ಗೆ ಇದನ್ನೂ ಹೇಳಿ: ಅಮೆರಿಕದ ಗಡಿಯಾರ ನವೆಂಬರ್ ಮೊದಲ ಭಾನುವಾರ ಹಿಂದೆ ಹೋಗುತ್ತದೆ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಸ್ಯಾನ್ ಫ್ರಾನ್ಸಿಸ್ಕೊ ಸಮಯಕ್ಕೆ ಕಟ್ಟಿದ್ದರೆ ನಿಮ್ಮ 9:30 ಅಂದಿನಿಂದ 10:30 ಆಗುತ್ತದೆ, ಮಾರ್ಚ್ ಎರಡನೇ ಭಾನುವಾರದವರೆಗೂ. ಚಳಿಗಾಲದಲ್ಲಿ ಯಾರು ಒಂದು ಗಂಟೆ ಬಿಟ್ಟುಕೊಡುತ್ತಾರೆ ಅಂತ ಈಗಲೇ ತೀರ್ಮಾನ ಮಾಡಿಸಿಕೊಳ್ಳಿ. ಅವರು ಬೆಳಗ್ಗೆ 8ಕ್ಕೆ ಬರೋಕೆ ಒಪ್ಪಿದರೆ ನಿಮ್ಮದು 9:30ರಲ್ಲೇ ಉಳಿಯುತ್ತದೆ.