ಲಾರಿ ಕೊಳ್ಳುವವರ ಲೆಕ್ಕದಲ್ಲಿ ಕಾಣದ ಸಂಬಳ

ಹೆವಿ ಲೈಸೆನ್ಸ್ ಇದೆ, ವರ್ಷಗಟ್ಟಲೆ ಬೇರೆಯವರ ಲಾರಿ ಓಡಿಸಿದ್ದಾಗಿದೆ, ಇನ್ನು ಸ್ವಂತದ್ದು ಮಾಡಬೇಕು. ನನ್ನ ಬಳಿ ಸಲಹೆಗೆ ಬರುವ ಚಾಲಕರ ಮಾತು ಬಹುಪಾಲು ಹೀಗೇ ಶುರುವಾಗುತ್ತದೆ. ನಾನು ಇಲ್ಲಿ ಹೇಳಹೊರಟಿರುವ ವ್ಯಕ್ತಿಯೂ ಅಂಥವರೇ. ನಲವತ್ತರ ಆಸುಪಾಸು, ಹತ್ತು ಟನ್ ಹೊರುವ ಆರು ಚಕ್ರದ ಗಾಡಿಯಲ್ಲಿ ಪಳಗಿದ ಕೈ, ದೊಡ್ಡ ಅಪಘಾತವಿಲ್ಲ. ಮುಂಗಡಕ್ಕೆ ಬೇಕಾದಷ್ಟು ಕೂಡಿಸಿದ್ದರು, ಉಳಿದದ್ದಕ್ಕೆ ಸಾಲ. ಗುರುತು ಸಿಗದಂತೆ ಉಳಿದ ವಿವರ ಬದಲಿಸಿದ್ದೇನೆ.

ಎರಡನೇ ಭೇಟಿಗೆ ಅವರು ಲೆಕ್ಕ ಬರೆದು ತಂದಿದ್ದರು. ದುಡ್ಡಿನ ದೊಡ್ಡ ಮೊತ್ತ ಕಂಡರೆ ಕಣ್ಣು ಕಟ್ಟುತ್ತದೆ, ಅದಕ್ಕೇ ಎಲ್ಲವನ್ನೂ ಡೀಸೆಲ್ ಲೀಟರಿಗೆ ಇಳಿಸಿ ಬರೆಯಲು ಹೇಳಿದ್ದೆ. ಚಾಲಕನಿಗೆ ಲೀಟರಿನ ಬೆಲೆ ಬೆರಳ ತುದಿಯಲ್ಲಿರುತ್ತದೆ. ದರ ಏರಿಳಿದರೂ ಡೀಸೆಲ್ ಖರ್ಚಿನ ಅಂಕಿ ಬದಲಾಗುವುದಿಲ್ಲ.

ಅವರ ಲೆಕ್ಕ ಇಷ್ಟು. ಹೋಗುವ ದಾರಿ 300 ಕಿ.ಮೀ. ಲೋಡ್ ಇದ್ದಾಗ ಲೀಟರಿಗೆ 4 ಕಿ.ಮೀ., ಅಂದರೆ 75 ಲೀಟರ್. ಖಾಲಿ ಬರುವಾಗ 6 ಕಿ.ಮೀ., ಅಂದರೆ 50. ಒಂದು ಟ್ರಿಪ್ಪಿಗೆ 125 ಲೀಟರ್ ಖರ್ಚು, ಬಾಡಿಗೆ 250 ಲೀಟರಿನಷ್ಟು. ತಿಂಗಳಿಗೆ ಹತ್ತು ಟ್ರಿಪ್ ಹೊಡೆದರೆ 1,250 ಉಳಿಯಿತು, ಸಾಲದ ಕಂತು 500 ಹೋಯಿತು, ಕೈಗೆ 750. ಒಬ್ಬ ಚಾಲಕನ ತಿಂಗಳ ಸಂಬಳ 300 ಲೀಟರಿನಷ್ಟಿರುವಾಗ ಇದು ಯಾರನ್ನಾದರೂ ಸೆಳೆಯುವಂಥದ್ದೇ.

ಟೋಲ್, ಹಮಾಲಿ, ದಾರಿ ಖರ್ಚು ಎಲ್ಲಿ ಎಂದೆ. ಟ್ರಿಪ್ಪಿಗೆ 25 ಎಂದು ಅವರೇ ಸೇರಿಸಿದರು. ಟೈರ್, ಆಯಿಲ್, ಬ್ರೇಕ್ ಲೈನರ್, ಕ್ಲಚ್ ಪ್ಲೇಟ್? ಇವು ತಿಂಗಳಿಗೊಮ್ಮೆ ಬರುವ ಖರ್ಚಲ್ಲ. ಬಂದಾಗ ಒಟ್ಟಿಗೆ ಬರುತ್ತವೆ, ಹಾಗಾಗಿ ಯಾರೂ ಬರೆಯುವುದಿಲ್ಲ. ಓಡಿದ ಪ್ರತಿ 20 ಕಿ.ಮೀ.ಗೆ ಒಂದು ಲೀಟರ್ ಎತ್ತಿಡಬೇಕೆಂದು ಅವರ ಅನುಭವದಿಂದಲೇ ತೆಗೆದೆವು, ಟ್ರಿಪ್ಪಿಗೆ 30. ವಿಮೆ, ತೆರಿಗೆ, ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ ಪತ್ರ, ಇವುಗಳ ವರ್ಷದ ಖರ್ಚನ್ನು ತಿಂಗಳಿಗೆ ಹಂಚಿದರೆ 100. 750ರಲ್ಲಿ 650 ಕರಗಿ 100 ಉಳಿಯಿತು.

"ಚಾಲಕನ ಸಂಬಳ ಎಲ್ಲಿ ಹಾಕಿದ್ದೀರಿ?" ಎಂದು ಕೇಳಿದೆ.

"ಹಾಕಿಲ್ಲ ಮೇಡಂ, ನಾನೇ ಓಡಿಸ್ತೀನಲ್ಲ. ಅದೇ ಅಲ್ವಾ ಲಾಭ."

"ಒಂದು ವಾರ ಜ್ವರ ಬಂದು ಮಲಗಿದರೆ?"

"ಗಾಡಿ ನಿಲ್ಲಿಸ್ತೀನಿ."

"ಕಂತು ನಿಲ್ಲುತ್ತಾ?"

ಅವರು ಪೆನ್ನು ತೆಗೆದುಕೊಂಡು 300 ಎಂದು ತಾವೇ ಬರೆದರು. ಲೆಕ್ಕ ಸೊನ್ನೆಗಿಂತ 200 ಲೀಟರ್ ಕೆಳಗಿಳಿಯಿತು. ಆಮೇಲೆ, ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದರು: "ಹತ್ತು ಟ್ರಿಪ್ ಆಗೋದೂ ಕಷ್ಟ. ಇಳಿಸೋ ಜಾಗದಲ್ಲಿ ಒಂದೊಂದ್ಸಲ ಎರಡು ದಿನ ನಿಲ್ಲಿಸ್ತಾರೆ. ಮಾಲೀಕರ ಗಾಡಿ ಆದ್ರೆ ನಂಗೇನು, ಮಲಗ್ತಿದ್ದೆ."

ಈ ಮಾತೇ ಇಡೀ ವಿಷಯದ ತಿರುಳು. ಸಂಬಳಕ್ಕಿರುವಾಗ ನಿಂತ ಗಾಡಿ ಎಂದರೆ ವಿಶ್ರಾಂತಿ, ಸ್ವಂತದ್ದಾದ ದಿನವೇ ಅದು ನಷ್ಟ. ಎಂಟೇ ಟ್ರಿಪ್ ಆದರೆ ಏನಾಗುತ್ತದೆ ನೋಡಿ. ಡೀಸೆಲ್ ಕಳೆದು 1,000 ಬರುತ್ತದೆ. ದಾರಿ ಖರ್ಚು 200, ಟೈರ್ ವಗೈರೆ ಸವಕಳಿ 240, ವಿಮೆ ತೆರಿಗೆ 100, ಕಂತು 500 ಸೇರಿ 1,040. ಸಂಬಳದ ಮಾತು ಹಾಗಿರಲಿ, ಕಂತಿಗೇ 40 ಲೀಟರ್ ಕೊರತೆ.

ಇದೇ ಎಂಟು ಟ್ರಿಪ್ಪಿನಲ್ಲಿ ನಾಲ್ಕಕ್ಕೆ ರಿಟರ್ನ್ ಲೋಡ್ ಸಿಕ್ಕಿತು ಅನ್ನಿ. ಬರುವ ದಾರಿಯ ಬಾಡಿಗೆ ಸಾಮಾನ್ಯವಾಗಿ ಕಡಿಮೆ. ಕಮಿಷನ್ ಕಳೆದು 150 ಸಿಕ್ಕರೆ, ಲೋಡ್ ತುಂಬಿದ್ದಕ್ಕೆ ಹೆಚ್ಚಾಗುವ 25 ಲೀಟರ್ ಡೀಸೆಲ್, 5ರಷ್ಟು ಇತರೆ ಖರ್ಚು ಬಿಟ್ಟು 120 ಉಳಿಯುತ್ತದೆ. ನಾಲ್ಕಕ್ಕೆ 480. ಈಗ 440 ಮಿಕ್ಕಿತು, ತಮ್ಮ ಸಂಬಳ 300 ತೆಗೆದಿಟ್ಟ ಮೇಲೂ 140 ಉಳಿಯಿತು. ಗಾಡಿ ಅದೇ, ಕೈ ಅದೇ. ವ್ಯತ್ಯಾಸ ಇರುವುದು ಖಾಲಿ ಓಡುವ ಕಿಲೋಮೀಟರಿನಲ್ಲಿ.

ಅದರ ಮೇಲೆ ಬಾಡಿಗೆ ಬಾಕಿಯ ಕಾಟ. ತಿಂಗಳ ಒಟ್ಟು ಬಾಡಿಗೆ 2,600 ಲೀಟರಿನಷ್ಟಾದರೆ, ಅದರಲ್ಲಿ ಅರ್ಧ ಒಂದು ತಿಂಗಳು ತಡವಾದರೂ 1,300 ಹೊರಗೆ ಸಿಕ್ಕಿಕೊಂಡಿರುತ್ತದೆ. ಎರಡೂವರೆ ಕಂತಿಗಿಂತ ಹೆಚ್ಚು. ಕೂಡಿಸಿದ್ದನ್ನೆಲ್ಲ ಮುಂಗಡಕ್ಕೆ ಸುರಿದವರು ಇಲ್ಲಿ ಮುಗ್ಗರಿಸುತ್ತಾರೆ. ಮುಗ್ಗರಿಸಿದವರು ಓವರ್‌ಲೋಡಿಗೆ ಕೈ ಹಾಕುತ್ತಾರೆ. ಹತ್ತರ ಗಾಡಿಗೆ ಹದಿಮೂರು ಟನ್ ಹೇರಿದರೆ ಟೈರ್ ಕಾಯ್ದು ಬೇಗ ಸವೆಯುತ್ತದೆ, ಸ್ಪ್ರಿಂಗ್ ಪಟ್ಟಿ ಮುರಿಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಡ್ರಮ್ ಬಿಸಿಯಾಗಿ ಹಿಡಿತ ತಪ್ಪುತ್ತದೆ. ಗಳಿಸಿದ್ದು ಗ್ಯಾರೇಜಿಗೆ ಹೋಗಿ ಜೀವ ಉಳಿದರೆ ಅದು ಅದೃಷ್ಟವೇ.

ನಾನು ಕೊಟ್ಟ ಸಲಹೆ: ಈಗ ಕೊಳ್ಳಬೇಡಿ. ಮೂರು ತಿಂಗಳು ಈಗಿನ ಕೆಲಸದಲ್ಲೇ ಇದ್ದು ಪ್ರತಿ ಟ್ರಿಪ್ಪಿಗೆ ಮೂರೇ ಅಂಕಿ ಬರೆದಿಡಿ. ಲೋಡಿನಲ್ಲಿ ಓಡಿದ ಕಿ.ಮೀ., ಖಾಲಿ ಓಡಿದ ಕಿ.ಮೀ., ತುಂಬಲು ಇಳಿಸಲು ಕಾದ ಗಂಟೆ. ಅಷ್ಟರಲ್ಲಿ, ಹೋಗುವ ಊರಿನಿಂದ ಮರಳಿ ಬರುವ ದಾರಿಗೆ ಎರಡು ಕಡೆಯಿಂದಾದರೂ ಲೋಡಿನ ಒಪ್ಪಂದ ಕುದುರಿಸಿ, ಬರಹದಲ್ಲಿ. ಟ್ರಿಪ್ಪುಗಳಲ್ಲಿ ಅರ್ಧಕ್ಕಾದರೂ ರಿಟರ್ನ್ ಲೋಡ್ ಖಚಿತವಾಗಬೇಕು, ಮುಂಗಡದ ಹೊರತಾಗಿ ಎರಡು ತಿಂಗಳ ಓಡಾಟದ ಖರ್ಚು ಕೈಯಲ್ಲಿರಬೇಕು. ಆಮೇಲೆ ಸಾಲಕ್ಕೆ ಸಹಿ ಹಾಕಿ. ಬಂದವರ ಉತ್ಸಾಹಕ್ಕೆ ತಣ್ಣೀರು ಎರಚುತ್ತೇನೆ ಎಂಬ ದೂರು ನನ್ನ ಮೇಲಿದೆ. ಇರಲಿ. ಸಹಿಗೆ ಮುಂಚೆ ಎರಚಿದ ನೀರು ಒಣಗುತ್ತದೆ, ಜಪ್ತಿಯಾದ ಗಾಡಿ ಮರಳುವುದಿಲ್ಲ.

"ಹಾಗಾದ್ರೆ ಡ್ರೈವಿಂಗ್ ಸ್ಕೂಲ್ ಇಡ್ಲಾ? ಅಲ್ಲಿ ಲೋಡಿನ ತಾಪತ್ರಯ ಇಲ್ಲ" ಎಂದರು. ಕೂತಲ್ಲೇ ನನಗೆ ಉದ್ದ ಗಾಡಿಯ ಕಿರಿದಾದ ತಿರುವು ಹೇಳಿಕೊಡಿ ಎಂದೆ. "ಅದು ಕೈಗೆ ತಾನಾಗೇ ಬರುತ್ತೆ" ಎಂದು ನಕ್ಕರು. ಒತ್ತಾಯಿಸಿದ ಮೇಲೆ ಬಿಡಿಸಿ ಹೇಳಿದರು: ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊಯ್ಯುತ್ತದೆ. ಅದಕ್ಕೇ ಮುಂಭಾಗವನ್ನು ತಿರುವು ದಾಟಿಸಿ ಮುಂದಕ್ಕೆ ಒಯ್ದು ಆಮೇಲೆ ಸ್ಟೀರಿಂಗ್ ತಿರುಗಿಸಬೇಕು, ತಿರುವಿನ ಒಳಬದಿಯ ಕನ್ನಡಿಯಲ್ಲಿ ಹಿಂದಿನ ಚಕ್ರ ನೋಡುತ್ತಲೇ ಇರಬೇಕು. ಚೆನ್ನಾಗಿಯೇ ಹೇಳಿದರು. ಕಲಿಸುವ ಗುಣ ಇದೆ. ಆದರೆ ಶಾಲೆಗೂ ಪರವಾನಗಿ, ಬೋಧಕನ ಅರ್ಹತೆ, ಬೋಧಕನ ಬದಿಗೂ ಕ್ಲಚ್ ಬ್ರೇಕ್ ಇರುವ ಗಾಡಿ ಬೇಕು. ಕಲಿಯುವವರ ಕಾಲಿಗೆ ಕ್ಲಚ್ ಪ್ಲೇಟ್ ಬೇಗ ಬಲಿಯಾಗುತ್ತದೆ. ಹಾಗಾಗಿ ಮೊದಲು ನಡೆಯುತ್ತಿರುವ ಶಾಲೆಯೊಂದರಲ್ಲಿ ರಜೆ ದಿನಗಳಲ್ಲಿ ಬೋಧಕರಾಗಿ ಎಂದೆ, ಅರ್ಹತೆಯ ಕಾಗದ ಮಾಡಿಸಿಕೊಂಡು. ವಿದ್ಯಾರ್ಥಿ ತಪ್ಪಿದಾಗ ಬೈಯದೆ, ಸ್ಟೀರಿಂಗ್ ಕಸಿಯದೆ ಕೂರಬಲ್ಲಿರಾ ಎಂಬುದು ಅಲ್ಲೇ ತಿಳಿಯುತ್ತದೆ.

ಮೂರು ತಿಂಗಳ ಪುಸ್ತಕ ತಂದಾಗ ಹೊಸ ಗಾಡಿಯ ಆಸೆ ಅವರೇ ಬಿಟ್ಟಿದ್ದರು. ರಿಟರ್ನ್ ಒಪ್ಪಂದ ಒಂದು ಕಡೆ ಮಾತ್ರ ಕುದುರಿತ್ತು, ಈಗ ಕಂತು ಅರ್ಧವಾಗುವ ಹಳೆ ಗಾಡಿ ಹುಡುಕುತ್ತಿದ್ದಾರೆ. ಹಳೆಯದರಲ್ಲಿ ರಿಪೇರಿಗೆ ಎತ್ತಿಡುವುದು ಹೆಚ್ಚಬೇಕು, 20 ಕಿ.ಮೀ.ಗಲ್ಲ, 12ಕ್ಕೆ ಒಂದು ಲೀಟರ್ ಎಂದು ಬರೆಸಿದ್ದೇನೆ. ನೋಡಲು ಹೋಗುವಾಗ ಹೇಳದೆ ಬೆಳಿಗ್ಗೆ ಬೇಗ ಹೋಗಬೇಕು, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಬಾನೆಟ್ ಮುಟ್ಟಿದಾಗ ಆಗಲೇ ಬಿಸಿಯಿದ್ದರೆ ಕಾರಣ ಕೇಳಿ. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಜೋರಾಗಿ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿರುವ ಸಂಭವ ಹೆಚ್ಚು. ಗಾಡಿಯ ಕೆಳಗೆ ಮಲಗಿ, ಸ್ಪ್ರಿಂಗ್ ಪಟ್ಟಿ ಚಾಸಿಗೆ ಕೂರುವ ಕಡೆ ಹೊಸ ಬಣ್ಣ ಅಥವಾ ವೆಲ್ಡಿಂಗ್ ಇದೆಯೇ ನೋಡಬೇಕು, ಇದ್ದರೆ ಆ ಗಾಡಿ ಓವರ್‌ಲೋಡ್ ಹೊತ್ತದ್ದಿರಬಹುದು. ಕಳೆದ ವಾರ ನೋಡಿದ ಒಂದನ್ನು ಇದೇ ಕಾರಣಕ್ಕೆ ಬಿಟ್ಟು ಬಂದರಂತೆ.