ಅರ್ಧ ಕ್ಲಾಸು ಒಂದೇ ತಪ್ಪು ಆಪ್ಶನ್ ಹಾಕಿದಾಗ

ಪ್ರಶ್ನೆ: ಯೂನಿಟ್ ಟೆಸ್ಟಲ್ಲಿ ಒಂದು ಪ್ರಶ್ನೆಗೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದೇ ತಪ್ಪು ಆಪ್ಶನ್ ಹಾಕಿದಾರೆ. ಇಡೀ ಕ್ಲಾಸಿಗೆ ಸೇರಿಸಿ ಒಂದು ಫೀಡ್‌ಬ್ಯಾಕ್ ನೋಟ್ ಬರೀಬೇಕು, ಏನಂತ ಬರೀಲಿ?

ನಾನು ಗಣಿತ ಮೇಷ್ಟ್ರು, ನಂಗೂ ಇದೇ ಆಗಿತ್ತು, ಅದನ್ನೇ ಹೇಳ್ತೀನಿ. ದಶಮಾಂಶದ ಪಾಠದ ಮೇಲೆ ಟೆಸ್ಟು, ಪ್ರಶ್ನೆ ಇಷ್ಟೇ: ಇವುಗಳಲ್ಲಿ ಅತಿ ದೊಡ್ಡದು ಯಾವುದು? ಎ) 0.36 ಬಿ) 0.275 ಸಿ) 0.5 ಡಿ) 0.07. ಸರಿ ಉತ್ತರ ಸಿ. 38 ಮಕ್ಕಳಲ್ಲಿ 21 ಜನ ಬಿ ಹಾಕಿದ್ರು, 14 ಜನ ಸಿ, ಉಳಿದ ಮೂವರು ಅಲ್ಲೊಂದು ಇಲ್ಲೊಂದು. ಗೊತ್ತಿಲ್ದೆ ಸುಮ್ನೆ ಟಿಕ್ ಹಾಕಿದ್ರೆ ತಪ್ಪುಗಳು ಮೂರೂ ಕಡೆ ಹಂಚಿಹೋಗ್ಬೇಕಿತ್ತು, ಹೀಗೆ ಒಂದೇ ಕಡೆ ಗುಡ್ಡೆ ಬಿದ್ದಿದೆ ಅಂದ್ರೆ ಮಕ್ಕಳ ತಲೇಲಿ ಏನೋ ಒಂದು ಲೆಕ್ಕ ಇದೆ, ಆ ಲೆಕ್ಕ ಏನು ಅಂತ ತಿಳಿಯೋವರ್ಗೂ ನೋಟ್ ಬರೀಬೇಡಿ.

ನಾನು ಬಿ ಹಾಕಿದ್ದ ನಾಲ್ಕೈದು ಜನರನ್ನ ಕರೆದು ಆ ಸಂಖ್ಯೆನ ಜೋರಾಗಿ ಓದ್ರೋ ಅಂದೆ. 'ಸೊನ್ನೆ ಪಾಯಿಂಟ್ ಇನ್ನೂರ ಎಪ್ಪತ್ತೈದು ಸಾರ್' ಅಂದ್ರು. ಅಲ್ಲೇ ಸಿಕ್ಕಿಬಿತ್ತು. ಪಾಯಿಂಟ್ ಆದ್ಮೇಲೆ ಇರೋದನ್ನ ಬೇರೆ ಪೂರ್ಣ ಸಂಖ್ಯೆ ಥರ ಓದ್ತಾರೆ, ಇನ್ನೂರ ಎಪ್ಪತ್ತೈದರ ಮುಂದೆ ಐದು ಯಾವ ಲೆಕ್ಕ ಹೇಳಿ. ದುಡ್ಡಿನ ಲೆಕ್ಕದಲ್ಲಿ ಪಾಯಿಂಟ್ ಆದ್ಮೇಲೆ ಯಾವಾಗ್ಲೂ ಎರಡೇ ಅಂಕಿ ಬರೆಯೋದ್ರಿಂದ ಅಲ್ಲಿ ಹೀಗೆ ಓದಿದ್ರೂ ಉತ್ತರ ತಪ್ಪಲ್ಲ, ಅದಕ್ಕೇ ಇಷ್ಟು ದಿನ ಬಚ್ಚಿಟ್ಕೊಂಡಿತ್ತು.

ಆಮೇಲೆ ಬರೆದ ನೋಟ್ ಇದು:

'5ನೇ ಪ್ರಶ್ನೆಗೆ ತುಂಬಾ ಜನ 0.275 ಅಂತ ಗುರುತು ಮಾಡಿದೀರಿ. 275 ದೊಡ್ಡದು, 5 ಚಿಕ್ಕದು ಅಂತ ನೋಡಿದೀರಿ ಅನ್ಸುತ್ತೆ. ಪೂರ್ಣ ಸಂಖ್ಯೆಗೆ ಅದು ಸರಿ. ಇಲ್ಲಿ ಮಾತ್ರ ಚೂರು ಎಷ್ಟು ದೊಡ್ಡದು ಅನ್ನೋದನ್ನೂ ನೋಡ್ಬೇಕು. ಒಂದು ಉದ್ದದ ಪಟ್ಟಿ ಬರೆದು ಹತ್ತು ಸಮ ಭಾಗ ಮಾಡಿ. 0.5 ಅಂದ್ರೆ ಅದ್ರಲ್ಲಿ ಐದು ಭಾಗ, ಸರಿಯಾಗಿ ಅರ್ಧ ಪಟ್ಟಿ. 0.275 ಅಂದ್ರೆ ಎರಡು ಭಾಗ ಪೂರ್ತಿ, ಮೂರನೇದ್ರಲ್ಲಿ ಮುಕ್ಕಾಲು. ಎರಡಕ್ಕೂ ಬಣ್ಣ ಹಚ್ಚಿ ನೋಡಿ. ಓದುವಾಗ ಪಾಯಿಂಟ್ ಎರಡು ಏಳು ಐದು ಅಂತಲೇ ಓದಿ. ಈಗ ಹೇಳಿ, 0.3 ಮತ್ತು 0.45ರಲ್ಲಿ ಯಾವುದು ದೊಡ್ಡದು? 0.6 ಮತ್ತು 0.125ರಲ್ಲಿ? ಯಾಕೆ ಅಂತ ಒಂದು ಸಾಲು ಬರೀರಿ.'

ಕೊನೇಲಿ ಎರಡು ಜೋಡಿ ಕೊಟ್ಟಿದ್ದಕ್ಕೆ ಕಾರಣ ಇದೆ. ಉದ್ದ ಇದ್ದಿದ್ದೇ ದೊಡ್ಡದು ಅನ್ನೋ ಮಗು ಮೊದಲನೇದು ಸರಿ ಮಾಡುತ್ತೆ, ಎರಡನೇದ್ರಲ್ಲಿ ಬೀಳುತ್ತೆ. ಇದಕ್ಕೆ ತದ್ವಿರುದ್ಧ ಇನ್ನೊಂದು ಜಾತಿ ತಪ್ಪಿದೆ, ಅಂಕಿ ಜಾಸ್ತಿ ಆದಷ್ಟೂ ಚೂರು ಸಣ್ಣದಾಗುತ್ತೆ, ಹಾಗಾಗಿ ಸಂಖ್ಯೆನೂ ಸಣ್ಣದು ಅಂತ, ಅವರು ಮೊದಲನೇದಕ್ಕೆ 0.3 ಅಂತಾರೆ. ಇವರ ಫಜೀತಿ ಏನಂದ್ರೆ ಟೆಸ್ಟಲ್ಲಿ ಸಿ ಹಾಕಿ ಫುಲ್ ಮಾರ್ಕ್ಸ್ ತಗೊಂಡಿರ್ತಾರೆ! ನಮ್ಮ 14 ಜನರಲ್ಲಿ ಮೂವರು ಹಾಗೇ ಸಿಕ್ಕಿದ್ರು. ಚೂರು ಸಣ್ಣದು ಅನ್ನೋದು ಅವರು ಹೇಳಿದ್ದು ನಿಜಾನೇ, ಆದ್ರೆ ಅಂಥಾ ಚೂರು 45 ಇದೆ ಅನ್ನೋದನ್ನ ಬಿಟ್ಬಿಟ್ಟಿದ್ರು. ಹಾಗಾಗಿ ನೋಟನ್ನ ತಪ್ಪು ಮಾಡಿದವರಿಗೆ ಮಾತ್ರ ಅಂತ ಕೊಡ್ಬೇಡಿ, ಎಲ್ರಿಗೂ ಕೊಡಿ. ಹೆಸರು ಬೇಡ, ಎಷ್ಟು ಜನ ಅನ್ನೋ ಲೆಕ್ಕಾನೂ ನಿಮ್ಮ ಹತ್ರ ಇದ್ರೆ ಸಾಕು.

ಇನ್ನೊಂದು, ಬಾಲಕ್ಕೆ ಸೊನ್ನೆ ಸೇರಿಸಿ 0.500, 0.275 ಮಾಡಿ ಹೋಲಿಸಿ ಅಂತ ನೋಟಲ್ಲಿ ಬರೆಯೋ ಆಸೆ ನಿಮಗೂ ಆಗುತ್ತೆ. ಉತ್ತರವೇನೋ ಸರಿ ಬರುತ್ತೆ, ಆದ್ರೆ ಮಗು ಮತ್ತೆ 500 ಮತ್ತೆ 275 ಅಂತಲೇ ನೋಡ್ತಿರುತ್ತೆ, ಒಳಗಿನ ಲೆಕ್ಕ ಹಾಗೇ ಉಳಿಯುತ್ತೆ. ನಾನು ಹಿಂದೆ ಒಂದು ಬ್ಯಾಚಿಗೆ ಅದನ್ನೇ ಹೇಳ್ಕೊಟ್ಟು, ಎಲ್ರೂ ಸರಿ ಮಾಡ್ತಿದಾರೆ ಅಂತ ಖುಷಿಯಾಗಿದ್ದೆ. ಆಮೇಲೊಂದು ದಿನ 0.3ಕ್ಕೂ 0.4ಕ್ಕೂ ಮಧ್ಯೆ ಒಂದು ಸಂಖ್ಯೆ ಹೇಳಿ ಅಂದಾಗ 'ಮಧ್ಯೆ ಏನೂ ಇಲ್ಲ ಸಾರ್, ಮೂರಾದ್ಮೇಲೆ ನಾಲ್ಕೇ' ಅಂತ ಅರ್ಧ ಕ್ಲಾಸು ಹೇಳ್ತು.