ಜಪ್ತಿಯಾದ ಷೇರುಗಳಲ್ಲಿ ಕೆಲವನ್ನು ಮಾತ್ರ ಮರುವಿತರಿಸಿದಾಗ

"100 ಷೇರು ಜಪ್ತಿ ಮಾಡಿ 60 ಮಾತ್ರ ಮತ್ತೆ ಕೊಟ್ಟರೆ ಕ್ಯಾಪಿಟಲ್ ರಿಸರ್ವ್‌ಗೆ ಎಷ್ಟು ಹೋಗಬೇಕು? ನನಗೆ 480 ಬರ್ತಿದೆ, ಉತ್ತರದಲ್ಲಿ 240 ಇದೆ. ಷೇರು ₹10ರದ್ದು, ₹4ರ ಕೊನೆಯ ಕರೆ ಬಂದಿಲ್ಲ, ಮರುವಿತರಣೆ ₹8ಕ್ಕೆ."

240 ಸರಿ. ನೀವು ಜಪ್ತಿ ಖಾತೆಯ ಪೂರ್ತಿ ₹600ರಿಂದ, ಷೇರಿಗೆ ₹2ರಂತೆ 60 ಷೇರಿಗೆ ಕೊಟ್ಟ ರಿಯಾಯಿತಿ ₹120 ಕಳೆದಿದ್ದೀರಿ. ಆ 600ರಲ್ಲಿ ಇನ್ನೂ ಮಾರದ 40 ಷೇರಿನ ಹಣವೂ ಸೇರಿದೆ, ಅಲ್ವಾ? ಅದನ್ನು ಈಗ ಮುಟ್ಟುವ ಹಾಗಿಲ್ಲ.

ಜಪ್ತಿಗೆ ಮೊದಲೇ ಬಂದಿದ್ದ ಷೇರಿಗೆ ₹6ರಂತೆ 60 ಷೇರಿನ ಪಾಲು ₹360. ಮರುವಿತರಣೆಯಲ್ಲಿ ಬ್ಯಾಂಕ್ ಖಾತೆಗೆ ₹480, ಜಪ್ತಿ ಖಾತೆಗೆ ₹120 ಡೆಬಿಟ್ ಮಾಡಿ, ಷೇರು ಬಂಡವಾಳಕ್ಕೆ ₹600 ಕ್ರೆಡಿಟ್ ಕೊಡಿ. 360ರಲ್ಲಿ 120 ಹೋದರೆ ಉಳಿಯುವ ₹240 ಮಾತ್ರ ಈ ವ್ಯವಹಾರದ ಲಾಭ. ಅದು ಕ್ಯಾಪಿಟಲ್ ರಿಸರ್ವ್‌ಗೆ.

ಜಪ್ತಿ ಖಾತೆಯಲ್ಲಿ ಇನ್ನೂ ₹240 ಉಳಿದಿರಬೇಕು. ಅದನ್ನು 40ರಿಂದ ಭಾಗಿಸಿ ನೋಡಿ, ₹6 ಬಂದರೆ ಲೆಕ್ಕ ಸರಿ. ಇಲ್ಲಿ ಎರಡೂ ಕಡೆ 240 ಬಂದಿರುವುದು ಕಾಕತಾಳೀಯ, ಅದನ್ನೇ ನಿಯಮ ಅಂದುಕೊಳ್ಳಬೇಡಿ. ಈ ಉಳಿಕೆಯನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ಷೇರು ಬಂಡವಾಳದ ಟಿಪ್ಪಣಿಯಡಿ ಪಾವತಿಯಾದ ಬಂಡವಾಳಕ್ಕೆ ಕೂಡಿಸಿ ತೋರಿಸಬೇಕು.

ಇನ್ನೊಂದು ವಿಷಯ. ಈ ಷೇರುಗಳಿಗೆ ₹6ಕ್ಕಿಂತ ಜಾಸ್ತಿ ರಿಯಾಯಿತಿ ಕೊಡುವಂತಿಲ್ಲ. ಅಂದರೆ ₹4ಕ್ಕಿಂತ ಕಡಿಮೆಗೆ ಮರುವಿತರಣೆ ಅಂತ ಪ್ರಶ್ನೆಯಲ್ಲಿದ್ದರೆ, ಅಂಕಿಯನ್ನು ಮತ್ತೊಮ್ಮೆ ಓದಿ.